ಯುಟಿಆರ್ ಕೊಟ್ಟರೂ ಬ್ರೋಕರ್ ದುಡ್ಡು ಯಾಕೆ ಹಾಕುವುದಿಲ್ಲ?

ನನ್ನ ಗೆಳತಿಯೊಬ್ಬಳು ಬೆಳಗ್ಗೆ ಐಎಂಪಿಎಸ್‌ನಲ್ಲಿ 40,000 ರೂಪಾಯಿ ಟ್ರೇಡಿಂಗ್ ಖಾತೆಗೆ ಕಳಿಸಿದಳು. ಬ್ಯಾಂಕಿನಲ್ಲಿ ದುಡ್ಡು ಕಟ್ ಆಯಿತು, ಮೆಸೇಜೂ ಬಂತು. ಬ್ರೋಕರ್ ಆ್ಯಪ್‌ನಲ್ಲಿ ಮಾತ್ರ ಸಂಜೆವರೆಗೂ ಸೊನ್ನೆ. ಮೆಸೇಜಿನಲ್ಲಿದ್ದ, ಯುಟಿಆರ್ ಅಂತ ಕರೆಯುವ 12 ಅಂಕಿಯ ರೆಫರೆನ್ಸ್ ನಂಬರ್ ಕೊಟ್ಟಾಗ, "ದುಡ್ಡು ಬಂದಿದೆ ಮೇಡಂ, ಆದರೆ ನಿಮ್ಮ ಹೆಸರಿಗೆ ಹಾಕೋಕೆ ಆಗಲ್ಲ" ಅಂದರು.

ಇದು ಅರ್ಥವಾಗಬೇಕಾದರೆ ಚೆಕ್ ಕಾಲಕ್ಕೆ ಹೋಗಬೇಕು. ಗ್ರಾಹಕರ ದುಡ್ಡನ್ನು ಬ್ರೋಕರ್ ತನ್ನ ದುಡ್ಡಿನ ಜೊತೆ ಬೆರೆಸಬಾರದು, ಬೇರೆ ಬ್ಯಾಂಕ್ ಖಾತೆಯಲ್ಲಿ ಇಡಬೇಕು ಅಂತ ಷೇರುಪೇಟೆಯ ನಿಯಂತ್ರಕ ಸೆಬಿ 1993ರಲ್ಲೇ ಹೇಳಿತ್ತು. ಆದರೆ ಆ ಖಾತೆಗೆ ಎಲ್ಲ ಗ್ರಾಹಕರ ದುಡ್ಡೂ ಬಂದು ಬೀಳುತ್ತದೆ, ಯಾರದ್ದು ಎಷ್ಟು ಅನ್ನುವುದು ಬ್ರೋಕರ್‌ನ ಲೆಡ್ಜರ್‌ನಲ್ಲಿ ಮಾತ್ರ ಇರುತ್ತದೆ. ಆಗ ಚೆಕ್ಕಿನ ಹಿಂದೆ ಕ್ಲೈಂಟ್ ಕೋಡ್, ಅಂದರೆ ಬ್ರೋಕರ್ ನಿಮಗೆ ಕೊಟ್ಟ ಗುರುತಿನ ಕೋಡ್, ಬರೆದರೆ ಸಾಕಿತ್ತು.

2005ರಲ್ಲಿ ಎನ್‌ಇಎಫ್‌ಟಿ ಬಂತು, 2010ರಲ್ಲಿ ಐಎಂಪಿಎಸ್. ಕೋಡ್ ಬರೆಯಲು ಚೆಕ್ಕಿನ ಬೆನ್ನೇ ಇಲ್ಲವಾಯಿತು. ಬ್ರೋಕರ್ ಕೈಗೆ ಸಿಗುವುದು ಬ್ಯಾಂಕ್ ಸ್ಟೇಟ್‌ಮೆಂಟಿನ ಒಂದು ಸಾಲು: ಮೊತ್ತ, ಯುಟಿಆರ್, ಕಳಿಸಿದವರ ಹೆಸರು, ಅವರ ಖಾತೆ ಸಂಖ್ಯೆ. ನಾವು ಯುಟಿಆರ್ ಅನ್ನೇ ಕೀಲಿಕೈ ಅಂದುಕೊಳ್ಳುತ್ತೇವೆ, ಅಲ್ವಾ? ಅದು ಆ ಸಾಲನ್ನು ಹುಡುಕಿಕೊಡುತ್ತದೆ, ಅಷ್ಟೇ. ದುಡ್ಡು ಯಾರದ್ದು ಅಂತ ತೀರ್ಮಾನ ಮಾಡುವುದು ಕಳಿಸಿದ ಖಾತೆಯ ಸಂಖ್ಯೆ. ಅದು ಬ್ರೋಕರ್ ಹತ್ತಿರ ನೋಂದಣಿಯಾದ ನಿಮ್ಮ ಖಾತೆಗೆ ಹೊಂದಬೇಕು, ಯಾಕೆಂದರೆ ಬೇರೆಯವರ ದುಡ್ಡನ್ನು ನಿಮ್ಮ ಲೆಕ್ಕಕ್ಕೆ ಹಾಕುವಂತಿಲ್ಲ.

ಮುಂದೆ ಕೆಲವು ಬ್ರೋಕರ್‌ಗಳು ಒಬ್ಬೊಬ್ಬ ಗ್ರಾಹಕರಿಗೂ ಒಂದೊಂದು ವರ್ಚುವಲ್ ಖಾತೆ ಸಂಖ್ಯೆ ಕೊಟ್ಟರು. ಅದರೊಳಗೇ ಕ್ಲೈಂಟ್ ಕೋಡ್ ಅಡಗಿರುತ್ತದೆ, ಹಾಗಾಗಿ ಯಾರ ಲೆಕ್ಕಕ್ಕೆ ಬಂತು ಅನ್ನುವುದು ತಾನೇ ಗೊತ್ತಾಗುತ್ತದೆ. ಆದರೂ ಎಲ್ಲಿಂದ ಬಂತು ಅನ್ನುವ ತಪಾಸಣೆ ತಪ್ಪಲಿಲ್ಲ. 2025ರ ಅಕ್ಟೋಬರ್‌ನಲ್ಲಿ ಸೆಬಿ ತಂದ @valid ಯುಪಿಐ ಐಡಿ ಕೂಡ ದುಡ್ಡು ಪಡೆಯುವವರು ಅಸಲಿ ಅಂತ ತೋರಿಸುತ್ತದೆ, ಕಳಿಸುವವರ ಪ್ರಶ್ನೆ ಹಾಗೇ ಉಳಿಯುತ್ತದೆ.

ಗೆಳತಿ ಕಳಿಸಿದ್ದು ಹೊಸ ಸಂಬಳದ ಖಾತೆಯಿಂದ. ಬ್ರೋಕರ್ ಹತ್ತಿರ ಇದ್ದದ್ದು ಹಳೆಯ ಖಾತೆ. ಯುಟಿಆರ್ ಸರಿ, ಹೆಸರೂ ಅವಳದ್ದೇ, ಸಂಖ್ಯೆ ಮಾತ್ರ ಬೇರೆ. ಹಾಗಾಗಿ ದುಡ್ಡು ಬಂದ ಖಾತೆಗೇ ವಾಪಸ್ ಹೋಯಿತು. ಅವಳು ಕ್ಯಾನ್ಸಲ್ ಮಾಡಿದ ಚೆಕ್ ಕೊಟ್ಟು ಹೊಸ ಖಾತೆ ಸೇರಿಸಿದಳು, ಆಮೇಲೆ ಮತ್ತೆ ಕಳಿಸಿದಳು.

ಖಾತೆ ನೋಂದಣಿ ಆಗಿದ್ದರೂ ಕೆಲವೊಮ್ಮೆ ಬ್ರೋಕರ್‌ಗೆ ಬರುವ ಸಾಲಿನಲ್ಲಿ ಕಳಿಸಿದವರ ಪೂರ್ತಿ ಸಂಖ್ಯೆ ಇರುವುದಿಲ್ಲ. ಆಗ ಸುಮ್ನೆ ಮೆಸೇಜಿನ ಸ್ಕ್ರೀನ್‌ಶಾಟ್ ಕಳಿಸಿದರೆ ಕೆಲಸ ಆಗುವುದಿಲ್ಲ. ಹೆಸರು, ಖಾತೆ ಸಂಖ್ಯೆ, ಆ ದಿನದ ವಹಿವಾಟು ಮೂರೂ ಕಾಣುವ ಬ್ಯಾಂಕ್ ಸ್ಟೇಟ್‌ಮೆಂಟ್ ಕೊಡಿ.

ಇನ್ನು ನಿಮ್ಮ ರೆಫರೆನ್ಸ್ ಬ್ರೋಕರ್ ಸ್ಟೇಟ್‌ಮೆಂಟಿನಲ್ಲಿ ಇಲ್ಲವೇ ಇಲ್ಲ ಅಂದರೆ ದುಡ್ಡು ಇನ್ನೂ ಬ್ಯಾಂಕುಗಳ ನಡುವೆ ಇದೆ, ನಿಮ್ಮ ಬ್ಯಾಂಕನ್ನೇ ಕೇಳಬೇಕು. ಐಎಂಪಿಎಸ್ ವಿಫಲವಾದರೆ ಮಾರನೇ ದಿನದೊಳಗೆ ವಾಪಸ್ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2019ರಲ್ಲಿ ನಿಯಮ ಮಾಡಿದೆ.