ಬಳ್ಳಾರಿಯ ವಿಧವೆಯಿಂದ ಇಂದಿನ ಮೂರನೇ ಒಂದು ಪಾಲಿನವರೆಗೆ

ಮ್ಯಾಥ್ಯೂ ಅಬ್ರಹಾಂ ಬಳ್ಳಾರಿಯ ದೇಶೀಯ ಕ್ರೈಸ್ತ ವ್ಯಾಪಾರಿ. ಅಬ್ಕಾರಿ ಗುತ್ತಿಗೆಯಿಂದ ಸಾಕಷ್ಟು ಆಸ್ತಿ ಮಾಡಿ, 1842ರಲ್ಲಿ ಉಯಿಲು ಬರೆಯದೆ ತೀರಿಕೊಂಡರು. ವ್ಯವಹಾರ ತಮ್ಮ ಫ್ರಾನ್ಸಿಸ್ ಕೈಗೆ ಬಂತು. ಮ್ಯಾಥ್ಯೂ ಹೆಂಡತಿ ಷಾರ್ಲೆಟ್ ಆಸ್ತಿ ಕೇಳಿದಾಗ ಫ್ರಾನ್ಸಿಸ್ ಕೊಟ್ಟ ಉತ್ತರ ಹೀಗಿತ್ತು: ನಮ್ಮದು ಹಿಂದೂಗಳಂತೆ ಅವಿಭಕ್ತ ಕುಟುಂಬ, ಅಣ್ಣ ಹೋದ ಮೇಲೆ ಆಸ್ತಿಗೆ ನಾನೂ ಒಡೆಯ.

ವ್ಯಾಜ್ಯ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. ಮತಾಂತರವಾದವರು ಹಳೆಯ ಹಿಂದೂ ಕಾನೂನನ್ನು ಇಟ್ಟುಕೊಳ್ಳಬಹುದು, ಬಿಡಲೂಬಹುದು. ಯಾವುದನ್ನು ಆರಿಸಿಕೊಂಡರೆಂಬುದು ಅವರು ಬದುಕಿದ ರೀತಿಯಿಂದ ತಿಳಿಯಬೇಕು ಎಂದು 1863ರಲ್ಲಿ ತೀರ್ಪು ಬಂತು. ಅಬ್ರಹಾಂ ದಂಪತಿ ಹಿಂದೂ ಕುಟುಂಬದ ರೀತಿಯಲ್ಲಿ ಬಾಳಿರಲಿಲ್ಲವಾದ್ದರಿಂದ ಅವಿಭಕ್ತ ಕುಟುಂಬದ ವಾದ ಬಿದ್ದುಹೋಯಿತು. ಷಾರ್ಲೆಟ್ ಪಾಲಿಗೆ ಅದು ನ್ಯಾಯ. ಆದರೆ ಉಳಿದ ಕ್ರೈಸ್ತ ವಿಧವೆಯರು ತಮ್ಮ ಮನೆಯ ಊಟ, ಉಡುಗೆ, ನಡೆನುಡಿಗಳಿಗೆ ಸಾಕ್ಷಿ ತಂದೇ ಪಾಲು ಪಡೆಯಬೇಕೆಂದರೆ ಹೇಗೆ? ಎರಡೇ ವರ್ಷದಲ್ಲಿ, 1865ರಲ್ಲಿ, ಭಾರತೀಯ ಉತ್ತರಾಧಿಕಾರ ಕಾಯಿದೆ ಬಂದು ಆ ಅನಿಶ್ಚಿತತೆಯನ್ನು ಬಹುಮಟ್ಟಿಗೆ ಹೋಗಲಾಡಿಸಿತು. ಇಂಗ್ಲಿಷ್ ಕಾನೂನಿನ ಅಚ್ಚಿನಲ್ಲಿ ಸಿದ್ಧವಾದ ಆ ಲೆಕ್ಕವೇ 1925ರ ಕಾಯಿದೆಗೆ ಬಂತು. ಇಂದಿಗೂ ನಡೆಯುತ್ತಿರುವುದು ಅದೇ.

ಲೆಕ್ಕ ಸರಳ. ಮಕ್ಕಳಿದ್ದರೆ ವಿಧವೆಗೆ ಮೂರನೇ ಒಂದು, ಉಳಿದ ಮೂರನೇ ಎರಡು ಮಕ್ಕಳಿಗೆ ಸಮಸಮ. ಗಂಡು, ಹೆಣ್ಣು, ಮದುವೆಯಾದವಳು ಎಂಬ ಭೇದವಿಲ್ಲ. ಹೆಂಡತಿ ತೀರಿಕೊಂಡರೆ ಗಂಡನಿಗೂ ಇದೇ ಪಾಲು.

ಒಂದು ಮನೆಯನ್ನು ತೆಗೆದುಕೊಳ್ಳೋಣ. ಯಜಮಾನ ಸ್ವಂತ ದುಡಿಮೆಯಿಂದ ಕೊಂಡ 45 ಲಕ್ಷ ರೂಪಾಯಿಯ ತೋಟ ಬಿಟ್ಟು ಹೋಗಿದ್ದಾನೆ. ಹೆಂಡತಿ, ಮೂವರು ಮಕ್ಕಳು, ಅವನ ಮುದಿ ತಾಯಿ ಇದ್ದಾರೆ. ಕ್ರೈಸ್ತ ಮನೆಯಾದರೆ ಹೆಂಡತಿಗೆ 15 ಲಕ್ಷ, ಮಕ್ಕಳಿಗೆ ತಲಾ 10 ಲಕ್ಷ. ತಾಯಿಗೆ ಒಂದು ರೂಪಾಯಿಯೂ ಇಲ್ಲ. ಹಿಂದೂ ಮನೆಯಾದರೆ 1956ರ ಕಾಯಿದೆಯಂತೆ ತಾಯಿ, ಹೆಂಡತಿ, ಮಕ್ಕಳು ಎಲ್ಲರೂ ಮೊದಲ ವರ್ಗದ ವಾರಸುದಾರರು. ಐವರಿಗೂ ತಲಾ 9 ಲಕ್ಷ. ಮಗ ಸತ್ತ ದುಃಖದ ಮೇಲೆ ಆಸರೆಯೂ ತಪ್ಪಿದ ಆ ಮುದುಕಿಗೆ ಕ್ರೈಸ್ತ ಕಾನೂನಿನಲ್ಲಿ ಜಾಗವೇ ಇಲ್ಲದಿರುವುದನ್ನು ನಾನು ಒಪ್ಪಲಾರೆ.

ವಿಧವೆಯ ವಿಷಯಕ್ಕೆ ಬಂದರೆ ಯಾವ ಕಾನೂನು ಉದಾರ ಎಂಬುದು ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. ಅತ್ತೆ ಇಲ್ಲದ ಮನೆಯಲ್ಲಿ ಒಂದೇ ಮಗುವಿದ್ದರೆ ಹಿಂದೂ ವಿಧವೆಗೆ ಅರ್ಧ, ಕ್ರೈಸ್ತ ವಿಧವೆಗೆ ಮೂರನೇ ಒಂದು. ಎರಡು ಮಕ್ಕಳಿದ್ದರೆ ಇಬ್ಬರಿಗೂ ಒಂದೇ. ಮೂರಾದರೆ ಹಿಂದೂ ವಿಧವೆಯ ಪಾಲು ಕಾಲು ಭಾಗಕ್ಕೆ ಇಳಿಯುತ್ತದೆ, ಕ್ರೈಸ್ತ ವಿಧವೆಯದು ಕದಲುವುದಿಲ್ಲ.

ಇದಿಷ್ಟೂ ಸ್ವಯಾರ್ಜಿತ ಆಸ್ತಿಯ ಮಾತು. ಪಿತ್ರಾರ್ಜಿತ ಎಂದೊಡನೆ ದಾರಿಗಳು ಬೇರೆಯಾಗುತ್ತವೆ. ಹಿಂದೂ ಅವಿಭಕ್ತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಕರ್ನಾಟಕ 1994ರಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೂ ಅದನ್ನು ಕೊಟ್ಟಿತು, 2005ರ ಕೇಂದ್ರ ತಿದ್ದುಪಡಿ ಮದುವೆಯ ಷರತ್ತನ್ನೂ ತೆಗೆಯಿತು. ಕ್ರೈಸ್ತರಲ್ಲಿ ಹುಟ್ಟಿನಿಂದ ಬರುವ ಹಕ್ಕೇ ಇಲ್ಲ. ಅಜ್ಜನಿಂದ ಬಂದ ಗದ್ದೆಯನ್ನೂ ತಂದೆ ತನಗೆ ಬೇಕಾದವರಿಗೆ ಉಯಿಲು ಬರೆಯಬಹುದು. 'ಇದು ಅಜ್ಜನ ಆಸ್ತಿ, ನನ್ನ ಪಾಲು ಈಗಲೇ ಕೊಡಿ' ಎಂದು ಮಗ ಕೇಳುವಂತಿಲ್ಲ.

ಹೆಣ್ಣುಮಕ್ಕಳ ಸಮಪಾಲು ಎಲ್ಲ ಕಡೆ ಒಟ್ಟಿಗೆ ಸಿಗಲಿಲ್ಲ. ತಿರುವಾಂಕೂರಿನಲ್ಲಿ ಪ್ರತ್ಯೇಕ ಕಾನೂನಿತ್ತು: ಮಗಳಿಗೆ ಮಗನ ಪಾಲಿನ ಕಾಲು ಭಾಗ ಅಥವಾ 5,000 ರೂಪಾಯಿ, ಯಾವುದು ಕಡಿಮೆಯೋ ಅದು. ಮೇರಿ ರಾಯ್ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1986ರಲ್ಲಿ, 1951ರಿಂದಲೇ ಅಲ್ಲಿಗೆ 1925ರ ಕಾಯಿದೆ ಅನ್ವಯಿಸುತ್ತದೆ ಎಂದಿತು. ಮೂವತ್ತೈದು ವರ್ಷ ಹೆಣ್ಣುಮಕ್ಕಳು ತಮಗಿದ್ದ ಹಕ್ಕನ್ನೇ ಅರಿಯದೆ ಕಳೆದುಕೊಂಡಿದ್ದರು.

ಮಕ್ಕಳಿಲ್ಲದ ವಿಧವೆಯ ಸ್ಥಿತಿ ಇನ್ನೂ ಬಿಗಿ. ಕ್ರೈಸ್ತಳಾದರೆ ಅವಳಿಗೆ ಅರ್ಧ. ಉಳಿದರ್ಧ ಮಾವನಿಗೆ, ಮಾವ ಬದುಕಿರುವಷ್ಟು ಕಾಲ ಅತ್ತೆಗೆ ಏನೂ ಇಲ್ಲ. ಮಾವ ಇಲ್ಲದಿದ್ದರೆ ಅತ್ತೆ ಮತ್ತು ಗಂಡನ ಒಡಹುಟ್ಟಿದವರಿಗೆ ಸಮಪಾಲು. ಹಿಂದೂ ಕಾನೂನಿನಲ್ಲಿ ಇದು ತಿರುವುಮುರುವು: ಅರ್ಧ ಅತ್ತೆಗೆ, ಮಾವನಿಗೆ ಇಲ್ಲ, ಅತ್ತೆಯೂ ಇಲ್ಲದಿದ್ದರೆ ಪೂರ್ತಿ ಹೆಂಡತಿಗೆ. ಪೌತಿ ಖಾತೆಗೆ ಅರ್ಜಿ ಹಾಕುವಾಗ ಕ್ರೈಸ್ತ ವಿಧವೆಗೆ ಇದು ತಟ್ಟನೆ ತಾಗುತ್ತದೆ. ಇಬ್ಬರೇ ದುಡಿದು ಕಟ್ಟಿದ ಮನೆ ಗಂಡನ ಒಬ್ಬನ ಹೆಸರಿನಲ್ಲಿದ್ದು, ಅತ್ತೆ, ಮಾವ ಇಬ್ಬರೂ ಇಲ್ಲದಿದ್ದರೆ, ದೂರದೂರಿನ ಮೈದುನ, ನಾದಿನಿಯರು ಅದರ ಅರ್ಧಕ್ಕೆ ವಾರಸುದಾರರು. ಅವರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದರೆ ಮಾತ್ರ ಮನೆ ಪೂರ್ತಿ ಅವಳದು. ಗಂಡ ಬದುಕಿದ್ದಾಗ ಇಬ್ಬರು ಸಾಕ್ಷಿಗಳ ಮುಂದೆ ಒಂದು ಪುಟದ ಉಯಿಲಿಗೆ ಸಹಿ ಹಾಕಿದ್ದರೆ ಆ ಸಹಿಗಳಿಗಾಗಿ ಅವಳು ಬಾಗಿಲಿಂದ ಬಾಗಿಲಿಗೆ ಅಲೆಯಬೇಕಿರಲಿಲ್ಲ.