ಸ್ಪೆಲ್ಲಿಂಗ್ ಸರಿಯಿದೆ, ಬಿಲ್ಲು ತಪ್ಪುತ್ತದೆ

"ಅನುವಾದ ಮೆಷೀನೇ ಮಾಡಿದೆ ಸರ್, ನೀವು ಸುಮ್ನೆ ಸ್ಪೆಲ್ಲಿಂಗ್ ನೋಡಿಕೊಡಿ, ಸಾಕು." ರೆಸಾರ್ಟ್, ಲಾಡ್ಜ್, ಹೋಮ್‌ಸ್ಟೇ ನಡೆಸುವವರು ತಮ್ಮ ಪುಟದ ಕನ್ನಡ ತಿದ್ದಿಸಲು ನನಗೆ ಫೋನ್ ಮಾಡಿದರೆ ಮೊದಲ ಮಾತೇ ಇದು. ಈಗಿನ ಮೆಷೀನುಗಳು ಸ್ಪೆಲ್ಲಿಂಗಿನಲ್ಲಿ ಅಷ್ಟೇನೂ ತಪ್ಪುವುದಿಲ್ಲ. ತಪ್ಪುವುದು ದುಡ್ಡಿನ ಸಾಲಿನಲ್ಲಿ. ಓದಿದವರಿಗೆ ಏನೋ ಎಡವಟ್ಟಾಗಿದೆ ಅಂತ ಗೊತ್ತಾಗುವುದು ಬಿಲ್ಲು ಕೈಗೆ ಬಂದಾಗಲೇ.

ಮಲೆನಾಡಿನ ಒಂದು ರೆಸಾರ್ಟಿನ ಪುಟ ತಿದ್ದಲು ಬಂದಿತ್ತು. ಇಂಗ್ಲಿಷಿನಲ್ಲಿ ಇದ್ದದ್ದು ಇಷ್ಟು: ಒಂದು ರೂಮಿನಲ್ಲಿ ಇಬ್ಬರು ಉಳಿದರೆ ರಾತ್ರಿಗೆ ತಲಾ 3,500 ರೂಪಾಯಿ, ಪ್ಲಾನ್ ಎಂಎಪಿ, ತೆರಿಗೆ ಬೇರೆ. ಕನ್ನಡದಲ್ಲಿ ಅದು "ಅವಳಿ ಹಂಚಿಕೆಯ ಆಧಾರದ ಮೇಲೆ 3,500 ರೂ., ನಕ್ಷೆ, ಹೆಚ್ಚುವರಿ ತೆರಿಗೆಗಳು" ಎಂದಾಗಿತ್ತು. ಎಂಎಪಿ ಅನ್ನುವುದು ದರದಲ್ಲಿ ಯಾವ ಊಟ ತಿಂಡಿ ಸೇರಿದೆ ಅಂತ ಹೇಳುವ ಪ್ಲಾನಿನ ಹೆಸರು. ಎಂ, ಎ, ಪಿ ಮೂರನ್ನೂ ಮೆಷೀನು ಕೂಡಿಸಿ "ಮ್ಯಾಪ್" ಅಂತ ಓದಿ ನಕ್ಷೆ ಮಾಡಿಬಿಟ್ಟಿದೆ. ಅದನ್ನು ನೋಡಿ ಎಲ್ಲರೂ ನಗುತ್ತಾರೆ, ತಿದ್ದುತ್ತಾರೆ. ಆದರೆ ನಿಜವಾದ ತೊಂದರೆ ಅದರ ಹಿಂದಿನ ಮಾತಿನಲ್ಲಿದೆ. "ತಲಾ" ಬಿದ್ದುಹೋಗಿದೆ. ಗಂಡ ಹೆಂಡತಿ ಇದನ್ನು ಓದಿದರೆ ರೂಮಿಗೇ 3,500 ಅಂದುಕೊಳ್ಳುತ್ತಾರೆ. ಎರಡು ರಾತ್ರಿಗೆ 7,000 ಇಟ್ಟುಕೊಂಡು ಬಂದವರಿಗೆ 14,000, ಮೇಲೆ ತೆರಿಗೆ ಅಂದರೆ ಕೌಂಟರಿನಲ್ಲಿ ಜಗಳ ಆಗದೇ ಇರುತ್ತಾ?

ಇನ್ನೊಂದು ಮಾತು. ಈ ದರ ಒಬ್ಬರೇ ಬಂದರೆ ಅನ್ವಯಿಸುವುದಿಲ್ಲ. ಒಬ್ಬರಿಗೆ ಸಾಮಾನ್ಯವಾಗಿ ಬೇರೆ ದರ ಇರುತ್ತದೆ, ಅದು 3,500ಕ್ಕಿಂತ ಜಾಸ್ತಿಯೇ. ಎಷ್ಟು ಅಂತ ಮೂಲದಲ್ಲೂ ಬರೆದಿರುವುದಿಲ್ಲ. ಆಗ ಅನುವಾದಕ ಊಹಿಸಬಾರದು, ಮಾಲೀಕರನ್ನು ಕೇಳಬೇಕು. ಉತ್ತರ ಬರವಣಿಗೆಯಲ್ಲಿ ಬಂದರೆ ಇನ್ನೂ ಒಳ್ಳೆಯದು.

ಈಗ ಆ ಪ್ಲಾನುಗಳ ವಿಷಯ. ನಾನು ಹೇಳಿ ಹೇಳಿ ಸುಸ್ತಾಗಿರುವುದು ಇಲ್ಲೇ. ಹೋಟೆಲಿನವರ ಲೆಕ್ಕದಲ್ಲಿ ಯುರೋಪಿಯನ್ ಪ್ಲಾನ್ ಅಂದರೆ ಬರೀ ರೂಮು. ಕಾಂಟಿನೆಂಟಲ್ ಅಂದರೆ ರೂಮು ಮತ್ತು ಬೆಳಗಿನ ತಿಂಡಿ. ಎಂಎಪಿ, ಅಂದರೆ ಮಾಡಿಫೈಡ್ ಅಮೆರಿಕನ್, ಅದರ ಜೊತೆಗೆ ಒಂದು ಹೊತ್ತಿನ ಊಟ. ಅಮೆರಿಕನ್ ಅಂದರೆ ತಿಂಡಿ, ಎರಡು ಹೊತ್ತಿನ ಊಟ ಎಲ್ಲವೂ. ಯಾವ ದೇಶದ ಅಡುಗೆ ಅನ್ನುವುದಕ್ಕೂ ಈ ಹೆಸರುಗಳಿಗೂ ಸಂಬಂಧವೇ ಇಲ್ಲ. ಮೆಷೀನು "ಭೂಖಂಡದ ಯೋಜನೆ", "ಅಮೆರಿಕನ್ ಯೋಜನೆ" ಎಂದು ಬರೆದು ಕೈತೊಳೆದುಕೊಳ್ಳುತ್ತದೆ. ಒಬ್ಬ ಹಿರಿಯರು ರಿಸೆಪ್ಷನ್ನಿಗೆ ಫೋನ್ ಮಾಡಿ, "ಅಮೆರಿಕದ ಊಟ ನಮಗೆ ಒಗ್ಗಲ್ಲಪ್ಪ, ಅನ್ನ ಸಾರು ಸಿಗುತ್ತಾ?" ಅಂತ ಕೇಳಿದರಂತೆ. ಅವರದೇನೂ ತಪ್ಪಿಲ್ಲ.

"ಯೋಜನೆ ತೆಗೆದು ಪ್ಲಾನ್ ಅಂತ ಹಾಕಿ, ಅದು ಸ್ಟ್ಯಾಂಡರ್ಡ್ ಹೆಸರು ಸರ್" ಅನ್ನುತ್ತಾರೆ ಮಾಲೀಕರು. ಟ್ರಾವೆಲ್ ಏಜೆಂಟರಿಗೆ ಸ್ಟ್ಯಾಂಡರ್ಡ್, ಒಪ್ಪಿದೆ. ಮನೆಮಂದಿಯನ್ನು ಕರೆದುಕೊಂಡು ಬರುವವರಿಗೆ ಹೆಸರು ಬೇಕಿಲ್ಲ, ಆ ದುಡ್ಡಿನಲ್ಲಿ ಏನೇನು ಸೇರಿದೆ ಅನ್ನುವುದು ಬೇಕು. ಎಂಎಪಿಯಲ್ಲಿ ಆ ಒಂದು ಊಟ ಮಧ್ಯಾಹ್ನದ್ದೋ ರಾತ್ರಿಯದ್ದೋ? ಹೆಸರಿನಿಂದ ಅದು ತಿಳಿಯುವುದಿಲ್ಲ. ಈ ರೆಸಾರ್ಟಿನವರನ್ನು ಕೇಳಿದರೆ ರಾತ್ರಿಯದ್ದು ಅಂದರು. ಕೊನೆಗೆ ಸಾಲು ಹೀಗಾಯಿತು: "ಒಂದು ರೂಮಿನಲ್ಲಿ ಇಬ್ಬರಿಗೆ ಒಂದು ರಾತ್ರಿಗೆ 7,000 ರೂ. (ತಲಾ 3,500). ಬೆಳಗಿನ ತಿಂಡಿ, ರಾತ್ರಿ ಊಟ ಸೇರಿದೆ. ತೆರಿಗೆ ಪ್ರತ್ಯೇಕ." ಉದ್ದವಾಯಿತು ಅಂತ ಗೊಣಗಿದರು, ಗೊಣಗಲಿ.

ತಿದ್ದಿದ ಮೇಲೆ ನಾನು ಮೂಲವನ್ನು ಮುಚ್ಚಿಟ್ಟು, ಬರೀ ಕನ್ನಡ ಓದಿ ಒಂದು ಬಿಲ್ಲು ಬರೆಯುತ್ತೇನೆ. ಇಬ್ಬರು ದೊಡ್ಡವರು, ಒಂದು ಮಗು, ಎರಡು ರಾತ್ರಿ. ಆಮೇಲೆ ಅದೇ ಲೆಕ್ಕವನ್ನು ಇಂಗ್ಲಿಷಿನಿಂದ ಹಾಕುತ್ತೇನೆ. ಎರಡೂ ಕೂಡಿಬರದಿದ್ದರೆ ಎಲ್ಲೋ ಒಂದು ಷರತ್ತು ಸೋರಿಹೋಗಿದೆ ಅಂತಲೇ ಅರ್ಥ. ಹೆಚ್ಚಾಗಿ ಅದು ಮಗುವಿನ ಹಾಸಿಗೆಯದ್ದು.

ಮೂಲ ಹಿಂದಿಯಾಗಿದ್ದರೆ ಕಷ್ಟ ಬೇರೆ ಥರದ್ದು. ಸಂಸ್ಕೃತದ ಪದಗಳು ನೋಡಲು ನಮ್ಮವೇ, ಅರ್ಥ ನಮ್ಮದಲ್ಲ. ಹಿಂದಿಯ "ಅನುಮಾನಿತ್ ಶುಲ್ಕ್" ಅಂದಾಜು ಶುಲ್ಕ. ಕನ್ನಡದಲ್ಲಿ ಹಾಗೇ ಬಿಟ್ಟರೆ ಅನುಮಾನಾಸ್ಪದ ಶುಲ್ಕ! ಹಿಂದಿಯವರ "ಆಗ್ರಹ್" ವಿನಯದ ಕೋರಿಕೆ. ನಮ್ಮಲ್ಲಿ ಆಗ್ರಹ ಮಾಡುವವರು ಧರಣಿ ಕೂರುವವರು. "ಗುರುತಿನ ಚೀಟಿ ತೋರಿಸುವಂತೆ ಅತಿಥಿಗಳನ್ನು ಆಗ್ರಹಿಸುತ್ತೇವೆ" ಅಂತ ಬರೆದ ಜಾಗದಲ್ಲಿ ಯಾರು ಉಳಿಯುತ್ತಾರೆ ಹೇಳಿ. "ಬರುವಾಗ ಗುರುತಿನ ಚೀಟಿ ತನ್ನಿ" ಅಂದರೆ ಸಾಕು.

ಧಾಟಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. "ಪ್ರಕೃತಿಯ ಮಡಿಲಿಗೆ ತಪ್ಪಿಸಿಕೊಳ್ಳಿ" ಅನ್ನುವಂಥವನ್ನು ಅಳಿಸಿ, ಜಗಲಿಯಿಂದ ಕಾಫಿ ತೋಟ ಕಾಣುತ್ತದಾ, ಬಿಸಿನೀರು ಎಷ್ಟು ಗಂಟೆಯವರೆಗೆ ಬರುತ್ತದೆ ಅಂತ ಬರೆಯುವುದು ಮೇಲು.

ರದ್ದತಿಯ ಸಾಲನ್ನು ಮಾತ್ರ ಬಿಡಬೇಡಿ. "48 ಗಂಟೆಗಳವರೆಗೆ ಉಚಿತ ರದ್ದತಿ" ಅಂದರೆ ಬುಕ್ ಮಾಡಿದ ಮೇಲೆ 48 ಗಂಟೆಯೋ, ಬರುವ ಹೊತ್ತಿಗೆ 48 ಗಂಟೆ ಮುಂಚೆಯೋ? ಮೂಲದಲ್ಲಿದ್ದದ್ದು ಎರಡನೆಯದು. "ಶನಿವಾರ ಮಧ್ಯಾಹ್ನ 12ಕ್ಕೆ ಬರುವವರು ಗುರುವಾರ ಮಧ್ಯಾಹ್ನ 12ರೊಳಗೆ ರದ್ದು ಮಾಡಿದರೆ ಪೂರ್ತಿ ಹಣ ವಾಪಸ್" ಅಂತ ಉದಾಹರಣೆ ಸಮೇತ ಹಾಕಿಸಿದೆ. ಮಾಲೀಕರು ಅದನ್ನು ಓದಿ, ಇಂಗ್ಲಿಷ್ ಪುಟದಲ್ಲೂ ಹೀಗೇ ಬರೆಸುತ್ತೇನೆ ಅಂದರು.