ಒಂದೇ ಮಿದುಳು, ಎರಡೂ ಕಡೆಯ ಸಾಕ್ಷಿ

1861ರ ಏಪ್ರಿಲ್. ಪ್ಯಾರಿಸ್ ಹತ್ತಿರದ ಬಿಸೆತ್ರ್ ಆಸ್ಪತ್ರೆ. ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು ಅಂತ ಲೆಬೋರ್ನ್ ಎಂಬ ರೋಗಿಯನ್ನು ವೈದ್ಯ ಪಾಲ್ ಬ್ರೋಕಾ ಕೇಳುತ್ತಾರೆ. ಬಲಗೈಗೆ ಲಕ್ವ ಹೊಡೆದಿತ್ತು. ಆತ ಎಡಗೈಯ ಐದು ಬೆರಳನ್ನು ನಾಲ್ಕು ಸಲ ಬಿಡಿಸಿ, ಕೊನೆಗೆ ಒಂದು ಬೆರಳು ಎತ್ತಿದ. 21 ವರ್ಷ. ಲೆಕ್ಕ ಸರಿಯಾಗಿಯೇ ಇತ್ತು. ಬಾಯಲ್ಲಿ ಬರುತ್ತಿದ್ದದ್ದು ಮಾತ್ರ 'ತಾನ್, ತಾನ್'. ಸಿಟ್ಟು ನೆತ್ತಿಗೇರಿದರೆ ಒಂದು ಬೈಗುಳ ಸಲೀಸಾಗಿ ಹೊರಬೀಳುತ್ತಿತ್ತಂತೆ!

ಕೆಲವೇ ದಿನಗಳಲ್ಲಿ ಆತ ತೀರಿಕೊಂಡ. ಮಿದುಳು ತೆಗೆದು ನೋಡಿದರೆ ಎಡ ಮುಂಭಾಗದ ಕೆಳಗೆ ಹಾನಿಯಾಗಿತ್ತು. ಮಾತಿನ ಜಾಗ ಇದೇ ಎಂದರು ಬ್ರೋಕಾ.

ಈಗ ಮನೋವಿಜ್ಞಾನದ ಪರೀಕ್ಷೆಯ ಒಂದು ಪ್ರಬಂಧ ಪ್ರಶ್ನೆಗೆ ಬರೋಣ. ಮಿದುಳಿನ ಒಂದೊಂದು ಕೆಲಸಕ್ಕೂ ಒಂದೊಂದು ಜಾಗವಿದೆಯೋ, ಅಥವಾ ಕೆಲಸ ಇಡೀ ಜಾಲದಲ್ಲಿ ಹಂಚಿಹೋಗಿದೆಯೋ, ಪರ-ವಿರೋಧ ಸಾಕ್ಷ್ಯ ಕೊಟ್ಟು ಚರ್ಚಿಸಿ. ಸಮಯ 45 ನಿಮಿಷ. ಸಾಮಾನ್ಯವಾಗಿ ಬರುವ ಉತ್ತರ ಹೀಗಿರುತ್ತದೆ: ಎರಡು ಪುಟ ಪರವಾದ ಹೆಸರುಗಳು, ಎರಡು ಪುಟ ವಿರೋಧದ ಹೆಸರುಗಳು, ಕೊನೆಗೆ 'ಎರಡೂ ಸರಿ'. ಇದರಲ್ಲಿ ಹೆಸರಿನ ಜಾತ್ರೆ ಇದೆ, ವಾದ ಇಲ್ಲ. ಮೊದಲ 7 ನಿಮಿಷ ಉತ್ತರ ಬರೆಯಬೇಡಿ. ಹಿಂದಿನ ಹಾಳೆಯಲ್ಲಿ ನಡುವೆ 'ಲೆಬೋರ್ನ್' ಅಂತ ಬರೆದು, ಈ ಒಬ್ಬನಿಂದ ಏನು ಸಾಬೀತಾಗುತ್ತದೆ, ಏನು ಆಗುವುದಿಲ್ಲ ಅಂತ ಕೇಳಿಕೊಳ್ಳಿ.

ಮಾತು ಹೋಗಿ ಅರ್ಥವಾಗುವುದು ಉಳಿದ ಮಾತ್ರಕ್ಕೆ ಜಾಗ ಸಾಬೀತಾಗುವುದಿಲ್ಲ. ಮಾತಾಡುವುದೇ ಜಾಸ್ತಿ ಕಷ್ಟದ ಕೆಲಸ ಅಂತಿಟ್ಟುಕೊಳ್ಳಿ. ಆಗ ಮಿದುಳಿಗೆ ಎಲ್ಲಿ ಪೆಟ್ಟು ಬಿದ್ದರೂ ಮೊದಲು ಅದೇ ಕೈಕೊಡಬಹುದು, ಅಲ್ವಾ? ಈ ಸಂಶಯಕ್ಕೆ ತಡೆ ಹಾಕುವುದು 1874ರಲ್ಲಿ ಕಾರ್ಲ್ ವೆರ್ನಿಕೆ ವರ್ಣಿಸಿದ ರೋಗಿಗಳು. ಅವರು ನಿರರ್ಗಳವಾಗಿ ಮಾತಾಡುತ್ತಿದ್ದರು, ಆದರೆ ಬೇರೆಯವರ ಮಾತು ಅರ್ಥವಾಗುತ್ತಿರಲಿಲ್ಲ. ಹಾನಿ ಇದ್ದದ್ದು ಇನ್ನೂ ಹಿಂದೆ, ಕಿವಿಯ ಮೇಲಿನ ಭಾಗದಲ್ಲಿ. ಒಬ್ಬನಲ್ಲಿ ಹೋದದ್ದು ಇನ್ನೊಬ್ಬನಲ್ಲಿ ಉಳಿದಿದೆ, ಇವನಲ್ಲಿ ಉಳಿದದ್ದು ಅವನಲ್ಲಿ ಹೋಗಿದೆ. ಇದಕ್ಕೆ ಡಬಲ್ ಡಿಸೋಸಿಯೇಷನ್ ಎನ್ನುತ್ತಾರೆ. ಜಾಗದ ಪರವಾಗಿ ನಿಮ್ಮ ಕೈಲಿರುವ ಗಟ್ಟಿ ಸಾಕ್ಷಿ ಇದು. ಒಂದು ಇಡೀ ಪ್ಯಾರಾ ಇದಕ್ಕೇ ಕೊಡಿ.

ವಿರೋಧದ ಸಾಕ್ಷಿಗೆ ಬೇರೆ ಮಿದುಳು ಹುಡುಕಬೇಕಾಗಿಲ್ಲ. ಬ್ರೋಕಾ ಲೆಬೋರ್ನ್‌ನ ಮಿದುಳನ್ನು ಕತ್ತರಿಸದೆ ಇಡಿಯಾಗಿ ಕಾಪಿಟ್ಟಿದ್ದರು. 2007ರಲ್ಲಿ ನೀನಾ ಡ್ರಾಂಕರ್ಸ್ ಮತ್ತು ಸಂಗಡಿಗರು ಅದನ್ನು ಎಂಆರ್‌ಐಗೆ ಹಾಕಿದರು. ಹಾನಿ ಮೇಲ್ಮೈಯಲ್ಲೇ ನಿಂತಿರಲಿಲ್ಲ. ಒಳಗೆ ಅಡಗಿರುವ ಇನ್ಸುಲಾ ಎಂಬ ಭಾಗ, ಮುಂದಿನ-ಹಿಂದಿನ ಭಾಗಗಳನ್ನು ಜೋಡಿಸುವ ನರತಂತುಗಳ ಕಟ್ಟು, ಎಲ್ಲಕ್ಕೂ ಪೆಟ್ಟು ಬಿದ್ದಿತ್ತು. ಬ್ರೋಕಾ ನೋಡಿದ್ದು ಮೇಲ್ಮೈ. ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ ಅಂದುಕೊಂಡರೆ, ತಂತಿಗಳೂ ಕತ್ತರಿಸಿಹೋಗಿದ್ದವು. ಇದರ ಪಕ್ಕದಲ್ಲೇ 1978ರ ಜೆ.ಪಿ. ಮೋಹ್ರ್ ಅವರ ವರದಿ ಇಡಿ: ಹಾನಿ ಬ್ರೋಕಾ ಹೇಳಿದ ಜಾಗಕ್ಕಷ್ಟೇ ಸೀಮಿತವಾಗಿದ್ದರೆ, ಮೊದಲು ಮಾತು ನಿಂತರೂ ಬೇಗ ಸುಧಾರಿಸುತ್ತದೆ, ಲೆಬೋರ್ನ್‌ನಂತೆ ಕಾಯಂ ಆಗಿ ಹೋಗುವುದಿಲ್ಲ.

ಕೆಲಸ ಹಂಚಿಹೋಗಿದೆ ಎನ್ನಲು ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿಯ ಪ್ರಯೋಗದ ಇಲಿಗಳನ್ನು ಎಲ್ಲರೂ ತರುತ್ತಾರೆ. ಮೆದುಳಿನ ಹೊರಪದರವನ್ನು ಎಲ್ಲಿಂದ ತೆಗೆದರು ಎನ್ನುವುದಕ್ಕಿಂತ ಎಷ್ಟು ತೆಗೆದರು ಎನ್ನುವುದರ ಮೇಲೆ ಚಕ್ರವ್ಯೂಹದ ದಾರಿ ತಪ್ಪುವುದು ನಿಂತಿತ್ತು. ಬರೆಯಿರಿ, ಆದರೆ ಒಂದು ಸಾಲು ಸೇರಿಸಿ: ಇಲಿ ದಾರಿ ಹಿಡಿಯುವುದು ಕಣ್ಣು, ಮೂಗು, ಮೀಸೆ ಎಲ್ಲ ಬಳಸಿ. ಒಂದು ಹೋದರೂ ಇನ್ನೊಂದು ಕೈ ಹಿಡಿಯುತ್ತದೆ. ಹಾಗಾಗಿ ಕೆಲಸ ಹಂಚಿಹೋಗಿದೆ ಅನಿಸುವುದು ಪರೀಕ್ಷೆಯ ದೋಷವೂ ಇರಬಹುದು. ನನ್ನ ಮಟ್ಟಿಗೆ ಈ ಒಂದು ಸಾಲು ಇನ್ನೂ ಮೂರು ಹೆಸರಿಗಿಂತ ಮೇಲು.

ಕೊನೆಯ 8 ನಿಮಿಷಕ್ಕೆ ಆ ಬೈಗುಳವನ್ನು ಉಳಿಸಿಕೊಳ್ಳಿ. 'ಮಾತು' ಒಂದೇ ಕೆಲಸವಾಗಿದ್ದರೆ ಬೈಗುಳವೂ ಹೋಗಬೇಕಿತ್ತು. ಹೋಗಲಿಲ್ಲ. ಅಂದರೆ ನಾವು ಜಾಗ ಹುಡುಕುತ್ತಿದ್ದ 'ಮಾತು' ಎಂಬುದೇ ಹಲವು ಕೆಲಸಗಳ ಗಂಟು. ಪದ ಹುಡುಕುವುದು, ವಾಕ್ಯ ಕಟ್ಟುವುದು, ನಾಲಿಗೆ-ತುಟಿಗೆ ಸರದಿ ಹೇಳುವುದು, ರೂಢಿಯಾದ ಮಾತು ಉದುರಿಸುವುದು. ಒಂದೊಂದು ಸಣ್ಣ ಕೆಲಸಕ್ಕೆ ಜಾಗ ಸಿಗಬಹುದು, ಗಂಟಿಗೆ ಸಿಗುವುದು ಜಾಲವೇ.

ಇನ್ನೂ ಎರಡು ನಿಮಿಷ ಮಿಕ್ಕಿದರೆ, ನಿಧಾನವಾಗಿ ಬೆಳೆಯುವ ಗಡ್ಡೆಯ ಬಗ್ಗೆ ಬರೆಯಿರಿ. ಅಂಥ ರೋಗಿಗಳಲ್ಲಿ ಬ್ರೋಕಾ ಜಾಗವನ್ನೇ ತೆಗೆದ ಮೇಲೂ ಕೆಲವರು ಮಾತಾಡುತ್ತಾರೆ. ಗಡ್ಡೆ ವರ್ಷಗಟ್ಟಲೆ ಬೆಳೆಯುವಾಗ ಅಕ್ಕಪಕ್ಕದ ಭಾಗಗಳು ಕೆಲಸ ವಹಿಸಿಕೊಂಡಿರುತ್ತವೆ. ಲಕ್ವ ಅಷ್ಟು ಪುರಸೊತ್ತು ಕೊಡುವುದಿಲ್ಲ.